ಫ್ಲೋರೈಡ್ ಕಾಲಂನ ಒಂದು ಗೀಟು

ಪಿಡಿಎಫ್ ಎಂಬುದನ್ನು ಕಂಡುಹಿಡಿದವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಬೈಲಹೊಂಗಲಕ್ಕೆ ಕರೆಸಿ, ಒಂದು ವಾರ ನನ್ನ ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಚಹಾ ಕುಡಿಸಿ ಕಳಿಸುತ್ತಿದ್ದೆ. ಸಿಟ್ಟಿನಿಂದಲೇ ಶುರು ಮಾಡುತ್ತಿದ್ದೇನೆ, ಕ್ಷಮಿಸಬೇಕು. ಆ ದಿನಗಳನ್ನು ನೆನೆದಾಗ ಮೊದಲು ಬರುವುದು ಸಿಟ್ಟೇ. ಅದರ ಹಿಂದೆ ನಿಂತಿರುವುದನ್ನು ಹೇಳಲು ನನಗೆ ಸ್ವಲ್ಪ ಹೊತ್ತು ಬೇಕು.

ನಾನು ಕುಡಿಯುವ ನೀರಿನ ಕಚೇರಿಯೊಂದರಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್ ಆಗಿದ್ದೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕುಗಳ ಬೋರುಗಳ ನೀರನ್ನು ಬಾಟಲಿಗಳಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿಂದ ಪರೀಕ್ಷೆಯ ವರದಿ ಬರುತ್ತದೆ. ವರದಿಯೆಂದರೆ ಒಂದೇ ಒಂದು ಉದ್ದನೆಯ ಕೋಷ್ಟಕ: ಕ್ರಮಸಂಖ್ಯೆ, ಊರು, ಬೋರು ಇರುವ ಜಾಗ, ನೀರಿನ ಗಡಸುತನ, ಫ್ಲೋರೈಡ್, ನೈಟ್ರೇಟ್, ಕೊನೆಗೆ ಷರಾ. ಅದನ್ನು ನಾನು ಸಿಎಸ್‌ವಿ ಫೈಲಾಗಿ ಮಾಡಿ ಮೇಲಿನವರ ಜಾಲತಾಣಕ್ಕೆ ಏರಿಸಬೇಕು. ಸಿಎಸ್‌ವಿ ಬಡವರ ಮನೆಯ ಕೋಷ್ಟಕ. ಗೆರೆಯಿಲ್ಲ, ಬಣ್ಣವಿಲ್ಲ, ಒಂದು ಬೋರಿಗೆ ಒಂದು ಸಾಲು, ಒಂದು ಅಂಕಿಗೂ ಇನ್ನೊಂದು ಅಂಕಿಗೂ ನಡುವೆ ಒಂದು ಅಲ್ಪವಿರಾಮ, ಅಷ್ಟೆ. ಜಾಲತಾಣ ಆ ಸಾಲುಗಳನ್ನು ಓದಿಕೊಂಡು ಯಾವ ಬೋರಿನ ನೀರು ಕುಡಿಯಬಹುದು, ಯಾವುದನ್ನು ಕುಡಿಯಬಾರದು ಎಂದು ತಾನೇ ಪಟ್ಟಿ ಮಾಡುತ್ತದೆ. ಆ ಪಟ್ಟಿ ಹಿಡಿದುಕೊಂಡು ಪೇಂಟರ್ ಊರೂರಿಗೆ ಹೋಗುತ್ತಾನೆ. ಕುಡಿಯಬಹುದಾದ ಬೋರಿಗೆ ನೀಲಿ, ಕುಡಿಯಬಾರದ್ದಕ್ಕೆ ಕೆಂಪು.

ಅಂದರೆ ಪೇಂಟರನ ಕೈಯ ಬ್ರಷ್ಷು ನನ್ನ ಟೇಬಲ್ಲಿನಿಂದ ಹೊರಡುತ್ತಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದು ಈಗ ಹೇಳುವುದು ಸುಲಭ.

ಆ ಸಲದ ವರದಿ ಬಂದಾಗ ಮೊದಲು ಮಾಡಿದ ಕೆಲಸ ಎಂದಿನದೇ. ಪೂರ್ತಿ ಕೋಷ್ಟಕವನ್ನು ಆಯ್ದು, ಕಾಪಿ ಮಾಡಿ, ಎಕ್ಸೆಲ್‌ನಲ್ಲಿ ಅಂಟಿಸಿದೆ. ಎಲ್ಲ ಅಂಕಿಗಳೂ ಒಂದೇ ಕಾಲಂನಲ್ಲಿ ಒಂದರ ಕೆಳಗೊಂದು ಸುರಿದುಕೊಂಡು ಬಿದ್ದವು. ಕಣ್ಣಿಗೆ ಕಾಣುವ ಕೋಷ್ಟಕ ಪಿಡಿಎಫ್‌ನ ಒಳಗೆ ಇರುವುದೇ ಇಲ್ಲ. ಕಾಗದದ ಇಂಥ ಜಾಗದಲ್ಲಿ ಈ ಅಕ್ಷರ, ಇಂಥ ಜಾಗದಲ್ಲಿ ಈ ಗೆರೆ ಎಂಬುದಷ್ಟೇ ಅದಕ್ಕೆ ಗೊತ್ತು. ಯಾವ ಅಂಕಿ ಯಾವ ಊರಿನದು ಎಂಬುದರ ಪರಿವೆ ಅದಕ್ಕಿಲ್ಲ. ಅದರ ಮೇಲೆ ಊರಿನ ಹೆಸರುಗಳನ್ನು ಹಳೆಯ ಕನ್ನಡ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರು. ಪರದೆಯ ಮೇಲೆ ಚಂದದ ಕನ್ನಡ. ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಕ್ಕೆ, ಕೊಂಬು, ಬಾಲ. ಪಿಡಿಎಫ್‌ನಿಂದ ಕೋಷ್ಟಕ ತೆಗೆದುಕೊಡುತ್ತೇವೆ ಎನ್ನುವ ಪುಕ್ಕಟೆ ತಾಣವೊಂದಕ್ಕೂ ಕೊಟ್ಟು ನೋಡಿದೆ. ಅದು ಗಡಸುತನವನ್ನೂ ಫ್ಲೋರೈಡನ್ನೂ ಒಂದೇ ಚೌಕದಲ್ಲಿ ತುರುಕಿ, ಅರ್ಧ ಊರುಗಳನ್ನು ನುಂಗಿ, ಕೆಲಸ ಯಶಸ್ವಿಯಾಯಿತು ಎಂದು ಹಸಿರು ಟಿಕ್ ತೋರಿಸಿತು. ಆ ಟಿಕ್ಕಿಗೆ ಏನು ಮಾಡಬೇಕು ಹೇಳಿ.

ಪ್ರಯೋಗಾಲಯಕ್ಕೆ ಫೋನ್ ಮಾಡಿದೆ. ವರದಿ ತಯಾರಿಸುವ ಹಿರಿಯ ಗುಮಾಸ್ತರೇ ಎತ್ತಿದರು.

"ಸರ್, ಇದರ ಮೂಲ ಫೈಲ್ ಕಳಿಸ್ರಿ. ವರ್ಡ್ ಇದ್ರೂ ನಡೀತೈತಿ."

"ಪಿಡಿಎಫ್ ಕಳಿಸೇನಲ್ಲವಾ ತಂಗಿ. ಸಹಿ ಸಿಕ್ಕಾ ಎಲ್ಲಾ ಅದರಾಗs ಐತಿ."

"ಸಹಿ ಸಿಕ್ಕಾ ಬ್ಯಾಡ್ರಿ, ನನಗ ಬರೇ ಅಂಕಿ ಬೇಕು."

"ಅಂಕಿನೂ ಅದರಾಗs ಅದಾವು. ಬಿಚ್ಚಿ ನೋಡು, ಕಾಣತಾವು."

ಕಾಣುತ್ತಿದ್ದವು, ಅದೇ ತೊಂದರೆ. ಮೂಲ ಫೈಲನ್ನು ಹೊರಗೆ ಕೊಟ್ಟರೆ ಯಾರಾದರೂ ಅಂಕಿ ತಿದ್ದಿಯಾರು ಎಂಬ ಭಯ ಅವರದು. ಆ ಭಯ ತಪ್ಪೇನಲ್ಲ. ನನ್ನ ಸಿಟ್ಟು ಮಾತ್ರ ನೆತ್ತಿಗೇರಿತು; ಫೋನ್ ಇಟ್ಟ ಮೇಲೆ ಅವರಿಗೆ ಕೇಳಿಸದಂತೆ ನಾಲ್ಕು ಮಾತು ಆಡಿದೆ.

ಕೊನೆಗೆ ನನ್ನದೇ ದಾರಿ ಹಿಡಿದೆ. ಪಿಡಿಎಫ್ ತೆರೆದು, ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು ಮೌಸನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಒಂದು ಕಾಲಂ ಮಾತ್ರ ಆಯ್ಕೆಯಾಗುತ್ತದೆ. ಹಾಗೆ ಒಂದೊಂದೇ ಕಾಲಂ ಕಾಪಿ ಮಾಡಿ, ಎಕ್ಸೆಲ್‌ನಲ್ಲಿ ಪಕ್ಕಪಕ್ಕಕ್ಕೆ ಅಂಟಿಸುತ್ತ ಬಂದೆ. ಮೊದಲ ಪುಟ ಮುಗಿದರೆ ಎರಡನೆಯದು ಅದರ ಕೆಳಗೆ, ಅದರ ಕೆಳಗೆ ಮೂರನೆಯದು. ಊರಿನ ಹೆಸರುಗಳನ್ನು ಮಾತ್ರ ನೋಡಿ ನೋಡಿ ನಾನೇ ಬೆರಳಚ್ಚು ಮಾಡಿದೆ. ಮುಗಿಯುವಷ್ಟರಲ್ಲಿ ಕುತ್ತಿಗೆ ಕಟ್ಟಿಗೆಯಾಗಿತ್ತು. ಆದರೂ ನಾನು ಅಡ್ಡಾದಿಡ್ಡಿ ಕೆಲಸದವಳಲ್ಲ. ಪ್ರತಿ ಕಾಲಂನಲ್ಲಿ ಎಷ್ಟು ಅಂಕಿ ಇವೆ ಎಂದು ಎಣಿಸಿದೆ. ಎಲ್ಲದರಲ್ಲೂ ಒಂದೇ ಲೆಕ್ಕ, ವರದಿಯ ಕೊನೆಯ ಕ್ರಮಸಂಖ್ಯೆಗೂ ಸರಿಯಾಗಿ ಹೊಂದಿತು. ಶುರುವಿನ ಬೈಲಹೊಂಗಲ ತಾಲೂಕಿನ ಹತ್ತು ಸಾಲುಗಳನ್ನು ವರದಿಯ ಜೊತೆ ಹೋಲಿಸಿದೆ. ಸರಿ. ಕೊನೆಯ ರಾಮದುರ್ಗದ ಹತ್ತು ಸಾಲು ಹೋಲಿಸಿದೆ. ಅವೂ ಸರಿ. ತಲೆ ಬಾಲ ಎರಡೂ ಸರಿಯಿದ್ದ ಮೇಲೆ ಹೊಟ್ಟೆ ಎಲ್ಲಿಗೆ ಹೋದೀತು ಎಂದುಕೊಂಡೆ.

ಏರಿಸಲು ಹೋದರೆ ಜಾಲತಾಣ ಒಪ್ಪಲಿಲ್ಲ. ರಾಮದುರ್ಗ ತಾಲೂಕಿನ ಒಂದು ಸಾಲಿನಲ್ಲಿ ಫ್ಲೋರೈಡ್ ಸೊನ್ನೆಗಿಂತ ಕಡಿಮೆ ಇದೆ, ಸರಿಪಡಿಸಿ ಎಂದು ಕೆಂಪಕ್ಷರದಲ್ಲಿ ಹೇಳಿತು. ನೋಡಿದರೆ ಅಲ್ಲಿ ಮೈನಸ್ ೧.೩ ಎಂದಿತ್ತು. ನೀರಿನಲ್ಲಿ ಯಾವುದಾದರೂ ಸೊನ್ನೆಗಿಂತ ಕಡಿಮೆ ಇರಲು ಸಾಧ್ಯವೇ? ವರದಿಯಲ್ಲಿ ಅದೇ ಸಾಲನ್ನು ಹುಡುಕಿದೆ. ಅಲ್ಲಿ ೧.೪ ಎಂದು ಬರೆದು, ಅದೇ ಚೌಕದಲ್ಲಿ ಅದರ ಕೆಳಗೆ ಕಂಸದೊಳಗೆ ೧.೩ ಎಂದು ಬರೆದಿದ್ದರು. ಎರಡನೆಯ ಸಲ ಪರೀಕ್ಷೆ ಮಾಡಿದಾಗ ಬಂದ ಅಂಕಿಯನ್ನು ಹಾಗೆ ಬರೆಯುವುದು ಅವರ ರೂಢಿ. ಕಂಸದೊಳಗಿನ ಅಂಕಿಯನ್ನು ಎಕ್ಸೆಲ್ ಮೈನಸ್ ಎಂದು ಓದುತ್ತದೆ, ಅದು ನನಗೆ ಮೊದಲೇ ಗೊತ್ತಿತ್ತು. ಓಹೋ, ಇಷ್ಟೇ ತಾನೆ ಎಂದು ಮೈನಸ್ ಅಳಿಸಿದೆ. ಜಾಲತಾಣ ಒಪ್ಪಿಕೊಂಡಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಕ್ಯಾಂಟೀನಿನಿಂದ ಮಿರ್ಚಿ ತರಿಸಿ ತಿಂದೆ.

ಆ ಮೈನಸ್ಸು ಬಾಗಿಲು ಬಡಿದು ಕೂಗಿ ಹೇಳುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದೆ.

ಪಟ್ಟಿ ಹೊರಟಿತು. ನಮ್ಮ ಸಾಹೇಬರು ಅದಕ್ಕೆ ಒಪ್ಪಿಗೆ ಒತ್ತಿದರು. ಪೇಂಟರ್ ಡಬ್ಬಿ ಕಟ್ಟಿಕೊಂಡು ಬೈಕು ಹತ್ತಿದ.

ಈಗ ಅಕ್ಕನ ವಿಷಯಕ್ಕೆ ಬರಬೇಕು. ನನ್ನ ಒಡಹುಟ್ಟಿದ ಅಕ್ಕನನ್ನು ಕೊಟ್ಟದ್ದು ಸವದತ್ತಿ ತಾಲೂಕಿನ ಮನೋಳಿ ದಾಟಿ ಒಳಗೆ ಇರುವ ಒಂದು ಸಣ್ಣ ಊರಿಗೆ. ಅಲ್ಲಿಯ ಸಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವುದು ಅವಳ ಕೆಲಸ. ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಅಕ್ಷರ ಕೂಡಿಸಿ ಓದುತ್ತಾಳೆ, ಅಂಕಿಯಲ್ಲಿ ಮಾತ್ರ ಪಕ್ಕಾ. ಆ ಊರಿನಲ್ಲಿ ಎರಡು ಬೋರು. ಒಂದು ಹಣಮಪ್ಪನ ಗುಡಿಯ ಮುಂದಿನದು, ಹಳೆಯದು. ಇನ್ನೊಂದು ಸಾಲೆಯ ಅಂಗಳದ್ದು, ಹೊಸದಾಗಿ ಕೊರೆದದ್ದು. ಪರೀಕ್ಷೆಯ ಫಲ ಬರುವವರೆಗೆ ಸಾಲೆಯ ಬೋರನ್ನು ಮುಟ್ಟಬಾರದು ಎಂದು ಹೇಳಿದ್ದರಿಂದ ಅಕ್ಕ ಗುಡಿಯ ಬೋರಿನಿಂದ ಕೊಡ ಹೊತ್ತು ತರುತ್ತಿದ್ದಳು. ಗುಡಿಯ ನೀರು ಗಡಸು. ಅದರಲ್ಲಿ ಬೇಳೆ ಬೇಯುವುದೇ ಇಲ್ಲ. ಬೆಳಗ್ಗೆ ಬಂದು ಒಲೆ ಹಚ್ಚಿದರೆ ಊಟದ ಗಂಟೆ ಬಾರಿಸುವಾಗಲೂ ಬೇಳೆ ಕಾಳುಕಾಳಾಗಿ ತೇಲುತ್ತಿರುತ್ತದೆ. ಮಕ್ಕಳು ಅದನ್ನು ಗಂಗಾಳದ ಅಂಚಿಗೆ ತಳ್ಳಿ ಅನ್ನ ತಿನ್ನುತ್ತವೆ. ಅಕ್ಕನಿಗೆ ಇದು ಅವಮಾನ. ಬೆನ್ನು ನೋವಿಗಿಂತ ಹೆಚ್ಚಿನ ನೋವು.

ಪಟ್ಟಿಯ ಪ್ರಕಾರ ಸಾಲೆಯ ಬೋರಿಗೆ ನೀಲಿ ಬಂತು, ಗುಡಿಯ ಬೋರಿಗೆ ಕೆಂಪು. ಪೇಂಟರ್ ಬಳಿದು ಹೋದ ದಿನವೇ ಅಕ್ಕ ಫೋನ್ ಮಾಡಿದಳು.

"ತಂಗಿ, ಸಾಲಿ ನೀರಾಗ ಬ್ಯಾಳಿ ಬೆಣ್ಣಿ ಕರಗಿದಂಗ ಕರಗಾಕತ್ತೈತಿ! ಹುಡುಗೂರು ಎರಡೆರಡು ಸಲ ಹಾಕಿಸ್ಕೊಂಡು ತಿಂದ್ವು. ನಿಮ್ಮ ಆಫೀಸದವರು ಒಂದರೆ ಚೊಲೋ ಕೆಲಸ ಮಾಡಿದ್ರು ನೋಡು."

"ಆ ಪಟ್ಟಿ ಮಾಡಿದಾಕಿ ನಾನs ಅಕ್ಕಾ," ಎಂದೆ. ಹೇಳದೆ ಇರಲಾಗಲಿಲ್ಲ.

"ಹೌದಾ? ನನ್ನ ತಂಗೀನs ಮಾಡ್ಯಾಳಂತ ಇಡೀ ಊರಿಗೆ ಹೇಳತೇನಿ ತಡಿ."

ಹೇಳಿಯೂ ಬಿಟ್ಟಳು. ಊರಿನ ಹೆಂಗಸರೂ ಸಾಲೆಯ ನೀರಿಗೇ ಬರತೊಡಗಿದರು. ಸಿಹಿಯಾಗಿದೆ, ಸೋಪು ನೊರೆ ಬರುತ್ತದೆ, ಚಹಾ ಚಂದ ಆಗುತ್ತದೆ ಎಂದರು. ಯಾರೂ ದೂರು ಕೊಡಲಿಲ್ಲ. ಕೊಟ್ಟಿದ್ದರೆ ನಾನು ಒಮ್ಮೆಯಾದರೂ ಆ ಫೈಲು ತೆರೆದು ನೋಡುತ್ತಿದ್ದೆನೋ ಏನೋ. ಎಲ್ಲರಿಗೂ ಇಷ್ಟವಾದ ತಪ್ಪನ್ನು ಹಿಡಿಯುವವರು ಯಾರು?

ಎರಡು ತಿಂಗಳ ಮೇಲೆ, ಒಂದು ಶನಿವಾರ, ಅಕ್ಕನ ಊರಿಗೆ ಹೋದೆ. ಬೆಳಗಿನ ಸಾಲೆ, ಬೇಗ ಬಿಟ್ಟಿತ್ತು. ಅಕ್ಕ ಸಾಲೆಯ ಅಡುಗೆಕೋಣೆಯಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಅವಳಿಗೆಂದು ಗುರೆಳ್ಳು ಚಟ್ನಿ ಪುಡಿಯನ್ನು ಗಾಜಿನ ಬಾಟಲಿಯಲ್ಲಿ ತಂದಿದ್ದೆ. ಬಸ್ಸಿನಲ್ಲಿ ಒಡೆಯದಿರಲಿ ಎಂದು ಕಚೇರಿಯ ರದ್ದಿ ಕಾಗದಗಳನ್ನು ಸುತ್ತಿದ್ದೆ. ಅಕ್ಕ ಕೈ ಒರೆಸಿಕೊಂಡು ಬಾಟಲಿ ಬಿಚ್ಚಿದಳು. ಕಾಗದವನ್ನು ಎಸೆಯದೆ ಮೊಣಕಾಲ ಮೇಲೆ ಇಟ್ಟು ಹಸನು ಮಾಡಿದಳು. ಒಂದು ಬದಿ ಖಾಲಿ ಇರುವ ಕಾಗದವನ್ನು ಅವಳು ಯಾವತ್ತೂ ಎಸೆದವಳಲ್ಲ.

"ಇದರಾಗ ನಮ್ಮೂರ ಹೆಸರು ಐತೆಲ್ಲs!" ಎಂದಳು.

ಅದು ಆ ವರದಿಯ ಮೂರನೆಯ ಪುಟ. ಮುದ್ರಿಸಿದರೆ ಆ ಹಳೆಯ ಫಾಂಟು ಅಚ್ಚುಕಟ್ಟಾದ ಕನ್ನಡವಾಗಿಯೇ ಬರುತ್ತಿತ್ತು. ಅಕ್ಕ ಒದ್ದೆ ಬೆರಳನ್ನು ಊರಿನ ಹೆಸರಿನ ಮೇಲೆ ಇಟ್ಟು, ಸಾಲು ತಪ್ಪದಂತೆ ನಿಧಾನವಾಗಿ ಬಲಕ್ಕೆ ಎಳೆದಳು. ಸಾಲಿ ಅಂಗಳ, ನೂರಾ ಹತ್ತು, ಎರಡು ಪಾಯಿಂಟ್ ಮೂರು. ಕೆಳಗಿನ ಸಾಲು: ಹಣಮಪ್ಪನ ಗುಡಿ, ಐದುನೂರಾ ನಲವತ್ತು, ಸೊನ್ನಿ ಪಾಯಿಂಟ್ ಆರು.

"ಈ ಎರಡು ಪಾಯಿಂಟ್ ಮೂರು ಅಂದ್ರ ಏನವಾ? ಚೊಲೋನೋ ಕೆಟ್ಟೋ?"

"ಫ್ಲೋರೈಡ್ ಅದು. ಒಂದೂವರಿ ದಾಟಬಾರದು. ನಿಮ್ಮ ಸಾಲೀದು ಸೊನ್ನಿ ಪಾಯಿಂಟ್ ಆರು ಅಕ್ಕಾ, ನೀ ಸಾಲು ತಪ್ಪಿದಿ."

"ನಾ ಯಾಕ ತಪ್ಪಲಿ? ಬಳ್ಳ ಇಲ್ಲೇ ಇಟ್ಟೇನಿ, ನೋಡು."

ನೋಡಿದೆ. ಬೆರಳು ಇದ್ದಲ್ಲೇ ಇತ್ತು. ಸಾಲು ತಪ್ಪಿದವಳು ಅಕ್ಕ ಅಲ್ಲ.

ನನ್ನ ಪಟ್ಟಿಯಲ್ಲಿ ಸಾಲೆಯ ಮುಂದೆ ಸೊನ್ನೆ ಪಾಯಿಂಟ್ ಆರು ಇದ್ದದ್ದು ನನಗೆ ಚೆನ್ನಾಗಿ ನೆನಪಿತ್ತು, ಅಕ್ಕನ ಊರು ಎಂದು ಆ ಸಾಲನ್ನು ಎರಡು ಸಲ ಓದಿದ್ದೆ. ಗುಡಿಯ ಮುಂದೆ ಎರಡು ಪಾಯಿಂಟ್ ಒಂದು ಇತ್ತು. ಕಾಗದದಲ್ಲಿ ಆ ಎರಡು ಪಾಯಿಂಟ್ ಒಂದು ಅದರ ಕೆಳಗಿನ ಬೇರೆ ಊರಿನ ಬೋರಿನದು. ಅಂದರೆ ಫ್ಲೋರೈಡ್ ಕಾಲಂ ಮಾತ್ರ ಒಂದು ಮನೆ ಮೇಲಕ್ಕೆ ಸರಿದಿತ್ತು. ಉಳಿದ ಕಾಲಂಗಳು ತಮ್ಮ ಜಾಗದಲ್ಲೇ ಇದ್ದವು. ಹೇಗೆ? ಎಣಿಕೆ ಸರಿ ಇತ್ತಲ್ಲ! ಕಾಗದ ಕಸಿದುಕೊಂಡು ಕಾಲಂನ ಉದ್ದಕ್ಕೂ ಮೇಲೆ ಮೇಲೆ ಹುಡುಕಿದೆ. ಎಲ್ಲ ಚೌಕಗಳೂ ತುಂಬಿದಂತೆಯೇ ಕಂಡವು.

"ಏನ ಹುಡಕತಿ?"

"ಎಲ್ಲೋ ಒಂದು ಅಂಕಿ ಕಡಿಮಿ ಬಿದ್ದೈತಿ ಅಕ್ಕಾ. ಎಲ್ಲಿ ಅಂತ ಗೊತ್ತಾಗವಲ್ದು."

ಅಕ್ಕ ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿದಳು. "ಇಲ್ಲಿ ಅಂಕಿ ಇಲ್ಲಲ್ಲವಾ. ಇಲ್ಲಿ ಗೀಟು ಐತಿ."

ಸವದತ್ತಿ ತಾಲೂಕು ಶುರುವಾಗುವಲ್ಲಿ, ಒಂದು ಚೌಕದಲ್ಲಿ ೦.೮ ಎಂದಿತ್ತು. ಅದರ ಕೆಳಗಿನ ಚೌಕದಲ್ಲಿ ಅಂಕಿಯಿರಲಿಲ್ಲ. ಸಣ್ಣದೊಂದು ಗೀಟು, ತುದಿಗೆ ಬಾಣದ ಮೂತಿ.

"ಮ್ಯಾಲಿಂದs ಅಂತ ಹಾಕ್ಯಾರ," ಎಂದಳು ಅಕ್ಕ. "ನಾನೂ ಹಂಗs ಹಾಕತೇನಿ." ಗೋಡೆಗೆ ತೂಗುಹಾಕಿದ ತನ್ನ ಬಿಸಿಯೂಟದ ವಹಿಯನ್ನು ಬೊಟ್ಟು ಮಾಡಿ ತೋರಿಸಿದಳು. ನಿನ್ನೆಯಷ್ಟೇ ಮಕ್ಕಳು ಇವತ್ತೂ ಬಂದಿದ್ದರೆ ಅವಳು ಸಂಖ್ಯೆ ಬರೆಯುವುದಿಲ್ಲ. ಮೇಲಿನಿಂದ ಕೆಳಕ್ಕೆ ಒಂದು ಗೀಟು ಎಳೆಯುತ್ತಾಳೆ. ನಮ್ಮ ಸಾಲೆ ಮಾಸ್ತರರೂ ಹಾಜರಿಯಲ್ಲಿ ಹಾಗೆಯೇ ಎಳೆಯುತ್ತಿದ್ದರು, ನಾನೂ ಎಳೆದಿದ್ದೇನೆ. ಆ ಹಿರಿಯ ಗುಮಾಸ್ತರು ಪೆನ್ನಿನಲ್ಲಿ ಎಳೆಯುತ್ತಿದ್ದ ಗೀಟನ್ನೇ ಕಂಪ್ಯೂಟರಿನಲ್ಲೂ ಎಳೆದಿದ್ದರು, ಚಿತ್ರದ ಹಾಗೆ. ಕಣ್ಣಿಗೆ ಅದು ಅಂಕಿಯೇ. ಕಾಪಿ ಮಾಡುವಾಗ ಮಾತ್ರ ಅದು ಗೆರೆ, ಗೆರೆ ಕಾಪಿಯಾಗುವುದಿಲ್ಲ. ಆ ಚೌಕ ಉದುರಿಹೋಗಿ ಅದರ ಕೆಳಗಿನ ಅಂಕಿಗಳೆಲ್ಲ ಒಂದೊಂದು ಮನೆ ಮೇಲಕ್ಕೆ ಬಂದವು.

ಹಾಗಾದರೆ ಎಣಿಕೆ? ಆಗ ಆ ಮೈನಸ್ಸು ನೆನಪಾಯಿತು. ರಾಮದುರ್ಗದ ಆ ಒಂದು ಚೌಕದಲ್ಲಿ ಎರಡು ಅಂಕಿ ಇದ್ದವು, ೧.೪ ಮತ್ತು ಕಂಸದ ೧.೩. ಅಂಟಿಸಿದಾಗ ಅವು ಎರಡು ಮನೆ ಹಿಡಿದವು. ಮೇಲೆ ಕಳೆದುಹೋದ ಒಂದನ್ನು ಕೆಳಗೆ ಹೆಚ್ಚಾದ ಒಂದು ತುಂಬಿಕೊಟ್ಟಿತು. ಅಲ್ಲಿಂದ ಮುಂದೆ ಎಲ್ಲವೂ ಮತ್ತೆ ತಂತಮ್ಮ ಜಾಗಕ್ಕೆ ಕೂತವು. ಅದಕ್ಕೇ ತಲೆ ಸರಿ, ಬಾಲ ಸರಿ, ಎಣಿಕೆ ಸರಿ. ನಡುವಿನ ನಲವತ್ತೊಂದು ಬೋರುಗಳಿಗೆ ಕೆಳಮನೆಯವರ ಅಂಕಿ.

"ಅಕ್ಕಾ, ಈ ನೀರು ಕುಡೀಬಾರದು," ಎಂದೆ.

"ಯಾವ ನೀರು?"

"ಸಾಲೀದು. ನನ್ನ ತಪ್ಪಾಗೈತಿ. ಗುಡೀದು ಚೊಲೋ ಐತಿ, ಇದು ಕೆಟ್ಟ ಐತಿ. ನಾ ಉಲ್ಟಾ ಮಾಡೇನಿ."

ಅಕ್ಕ ತಿಕ್ಕಿಟ್ಟ ಭಾಂಡೆಗಳ ಕಡೆ ನೋಡಿದಳು. "ಬ್ಯಾಳಿ ಕರಗತೈತೆಲ್ಲವಾ ಇದರಾಗ. ಕೆಟ್ಟ ನೀರಾಗ ಬ್ಯಾಳಿ ಕರಗತಾವೇನು?"

ಕರಗುತ್ತದೆ ಎಂದು ಹೇಳಬೇಕಾಯಿತು. ಬೇಳೆ ಬೇಯದಂತೆ ಮಾಡುವುದು ನೀರಿನ ಗಡಸುತನ, ಅದು ಬೇರೆ. ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಮೆದು ನೀರಿನಲ್ಲೇ ಅದು ಹೆಚ್ಚಾಗಿ ಕೂತಿರುತ್ತದೆ. ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ, ಮುಂದೆ ಎಲುಬಿಗೂ ಇಳಿಯುತ್ತದೆ. ಎರಡು ತಿಂಗಳಿಗೆ ಏನೂ ಆಗಿರಲಿಕ್ಕಿಲ್ಲ ಎಂದೆ. ಅದು ನಿಜವೇ. ಆದರೆ ಆ ನಿಜವನ್ನು ಹೇಳುವಾಗ ನಾನು ಅಕ್ಕನಿಗೆ ಸಮಾಧಾನ ಹೇಳುತ್ತಿದ್ದೆನೋ, ನನಗೆ ನಾನೇ ಹೇಳಿಕೊಳ್ಳುತ್ತಿದ್ದೆನೋ.

ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಗೋಡೆಯ ವಹಿ ತೆಗೆದು, ಪೇಂಟರ್ ಬಂದ ದಿನದಿಂದ ಈಚೆಗೆ ಪುಟ ತಿರುವುತ್ತ, ಬಾಯಲ್ಲೇ ಎಣಿಸಿದಳು. ಗೀಟು ಬಂದಲ್ಲಿ ಮೇಲಿನ ಅಂಕಿಯನ್ನೇ ಮತ್ತೆ ಹೇಳುತ್ತಿದ್ದಳು, ಒಂದನ್ನೂ ಬಿಡದೆ. ಎಲ್ಲ ಮುಗಿದ ಮೇಲೆ, "ಇಷ್ಟು ತಾಟು ನಾನs ಕೈಯಾರೆ ನೀಡೇನಿ," ಎಂದಳು.

ಸೋಮವಾರ ಕಚೇರಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಒಳ್ಳೆಯವರೇ. ತಲೆಯ ಮೇಲೆ ಕೈ ಹೊತ್ತು ಕೂತರು.

"ಒಪ್ಪಿಗಿ ಕೊಟ್ಟ ಮ್ಯಾಲ ತಾಣ ಲಾಕ್ ಆಗತೈತ್ರೀ ಬಾಯಾರ. ಬಿಚ್ಚಬೇಕಂದ್ರ ಲ್ಯಾಬಿನವರಿಂದ ತಿದ್ದುಪಡಿ ಪತ್ರ ಬೇಕು."

"ಲ್ಯಾಬಿನವರದು ತಪ್ಪಿಲ್ಲಲ್ರಿ ಸರ್. ವರದಿ ಸರಿ ಐತಿ. ತಪ್ಪು ನಂದು."

"ಅದs ತೊಂದ್ರಿ. ತಪ್ಪು ಲ್ಯಾಬಿನದಿದ್ರ ಅದಕ್ಕೊಂದು ನಮೂನಿ ಐತಿ. ನಮ್ಮದಿದ್ರ ನಮೂನಿನs ಇಲ್ಲ."

ಲ್ಯಾಬಿಗೆ ಫೋನ್ ಮಾಡಿದೆ. ಹಿರಿಯ ಗುಮಾಸ್ತರು ಪೂರ್ತಿ ಕೇಳಿಸಿಕೊಂಡರು. "ಗೀಟು ಹಾಕೇನಲ್ಲ ತಂಗಿ. ನಿನಗ ಕಾಣಲಿಲ್ಲೇನು?" ಎಂದರು. ದನಿಯಲ್ಲಿ ಚುಚ್ಚುವ ಧಾಟಿ ಇರಲಿಲ್ಲ, ನಿಜಕ್ಕೂ ಆಶ್ಚರ್ಯಪಟ್ಟಿದ್ದರು. ಮೂಲ ಫೈಲು ಕೊಡದ್ದಕ್ಕೆ ಅವರ ಮೇಲೆ, ನಮೂನೆ ಇಲ್ಲದ್ದಕ್ಕೆ ಸಾಹೇಬರ ಮೇಲೆ, ಹಸಿರು ಟಿಕ್ ತೋರಿಸಿದ ತಾಣದ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಆದರೆ ಎಲ್ಲಿ ಇಟ್ಟರೂ ಅದು ಅಲ್ಲಿ ನಿಲ್ಲುತ್ತಿರಲಿಲ್ಲ, ಹೊರಳಿ ನನ್ನ ಕಡೆಗೇ ಬರುತ್ತಿತ್ತು.

ಅವತ್ತೇ ಫೈಲನ್ನು ಮೊದಲಿನಿಂದ ಮಾಡಿದೆ. ಒಂದು ಪುಟದ ಅಂಕಿಗಳನ್ನು ಆ ಪುಟದ ಕ್ರಮಸಂಖ್ಯೆ ಶುರುವಾಗುವ ಸಾಲಿನಲ್ಲೇ ಅಂಟಿಸಿದೆ, ಹಿಂದಿನದರ ಬಾಲಕ್ಕಲ್ಲ. ಹಾಗೆ ಮಾಡಿದರೆ ಒಂದು ಪುಟದ ಕೊರತೆ ಆ ಪುಟದ ಕೊನೆಯಲ್ಲೇ ಕಾಣುತ್ತದೆ. ಮೂರನೆಯ ಪುಟದ ಕೊನೆಯಲ್ಲಿ ಒಂದು ಚೌಕ ಬಾಯಿ ಬಿಟ್ಟುಕೊಂಡು ನಿಂತಿತು. ಮೊದಲ ಸಲವೇ ಇಷ್ಟು ಮಾಡಿದ್ದರೆ ಸಾಕಿತ್ತು. ಗೀಟಿನ ಜಾಗದಲ್ಲಿ ೦.೮ ಬರೆದೆ. ಕಂಸದ ಅಂಕಿಯನ್ನು ಎತ್ತಿ ಷರಾ ಕಾಲಂಗೆ ಹಾಕಿದೆ. ಆಮೇಲೆ ಫುಟ್‌ಪಟ್ಟಿ ಹಿಡಿದು, ಅಕ್ಕ ಬೆರಳು ಎಳೆದ ಹಾಗೆ, ಒಂದೊಂದೇ ಸಾಲನ್ನು ಎಡದಿಂದ ಬಲಕ್ಕೆ ಬಾಯಿಬಿಟ್ಟು ಓದಿದೆ. ಪಕ್ಕದ ಟೇಬಲ್ಲಿನವರು ಬಾಯಾರು ಮಗ್ಗಿ ಹೇಳಾಕತ್ತಾರೇನು ಎಂದು ನಕ್ಕರು. ನಗಲಿ ಬಿಡಿ.

ಹೊಸ ಫೈಲು ಸಿದ್ಧವಾಯಿತು. ತಾಣ ಮಾತ್ರ ಬಿಚ್ಚಲಿಲ್ಲ. ಪತ್ರ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು, ಲಗತ್ತು ಸ್ಪಷ್ಟವಿಲ್ಲ ಎಂದು ಮತ್ತೆ ಹೋಯಿತು. ಲಗತ್ತನ್ನು ಪಿಡಿಎಫ್‌ನಲ್ಲೇ ಕಳಿಸಬೇಕಂತೆ. ನಕ್ಕೆನೋ ಅತ್ತೆನೋ ನೆನಪಿಲ್ಲ. ಅಷ್ಟರಲ್ಲಿ ನಾನೇ ನಲವತ್ತೊಂದು ಸಾಲುಗಳನ್ನೂ ಒಂದು ಕಾಗದದ ಮೇಲೆ ಬರೆದುಕೊಂಡೆ. ಹೆಚ್ಚಿನವುಗಳಲ್ಲಿ ಅಂಕಿ ಬದಲಾದರೂ ಬಣ್ಣ ಬದಲಾಗುತ್ತಿರಲಿಲ್ಲ. ಏಳು ಬೋರುಗಳದು ಬದಲಾಗುತ್ತಿತ್ತು. ಆ ಊರುಗಳ ಪಂಚಾಯಿತಿಗೆ ಒಂದೊಂದಾಗಿ ಫೋನ್ ಮಾಡಿದೆ. ಕೆಲವರು ಬರೆದುಕೊಂಡರು. ಒಬ್ಬರು, "ಪಟ್ಟಿ ಬಂದೈತಲ್ರೀ, ಅದರಾಗ ನೀಲಿ ಐತಿ," ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದೆ. ಮತ್ತೆ ಇಟ್ಟರು. ಆ ಊರಿನಲ್ಲಿ ನನಗೆ ಅಕ್ಕ ಇರಲಿಲ್ಲ.

ಅಕ್ಕ ಮಾತ್ರ ಯಾವ ಪತ್ರಕ್ಕೂ ಕಾಯಲಿಲ್ಲ. ಆ ಶನಿವಾರವೇ, ನಾನು ಬಸ್ಸಿಗೆ ಹೊರಡುವ ಮೊದಲೇ, ತನ್ನ ಹಳೆಯ ಕೆಂಪು ಸೀರೆಯ ಸೆರಗು ಹರಿದು ಸಾಲೆಯ ಬೋರಿನ ಹ್ಯಾಂಡಲಿಗೆ ಸುತ್ತಿ ಸುತ್ತಿ ಕಟ್ಟಿದಳು, ಎತ್ತಲಾಗದಂತೆ. ನೀರಿಗೆ ಬಂದ ಹೆಂಗಸರು ಸುತ್ತ ಕೂಡಿದರು.

"ಏನಕ್ಕಾ ಇದು? ನೀಲಿ ಬಣ್ಣ ಹಚ್ಚ್ಯಾರ, ನೀ ಕಟ್ಟಾಕತ್ತಿ?"

"ಈಕಿ ನನ್ನ ತಂಗಿ," ಎಂದಳು ಅಕ್ಕ, ನನ್ನನ್ನು ಎದುರಿಗೆ ಎಳೆದು. "ಪಟ್ಟಿ ಮಾಡಿದಾಕಿ ಈಕೀನs. ತಪ್ಪು ಮಾಡ್ಯಾಳ. ಹೇಳವಾ ತಂಗಿ, ನೀನs ಹೇಳು."

ಹೇಳಿದೆ. ನನ್ನ ಹೆಸರನ್ನು ಇಡೀ ಊರಿಗೆ ಹೇಳುತ್ತೇನೆ ಎಂದಿದ್ದಳಲ್ಲ, ಹೇಳಿದ್ದಳು. ಈಗ ಅದೇ ಊರಿನ ಮುಂದೆ ನಿಂತು ನಾನು ಹೇಳಿದೆ. ಒಬ್ಬ ಮುದುಕಿ ಮಾತ್ರ ಕೇಳಿದಳು, ಗುಡಿಯ ಬೋರಿನ ಕೆಂಪು ಯಾವಾಗ ಅಳಿಸುತ್ತೀರಿ ಎಂದು.

ಆ ಕೆಂಪು ಇನ್ನೂ ಅಳಿದಿಲ್ಲ. ಅಕ್ಕ ಅದೇ ಕೆಂಪು ಬೋರಿನಿಂದ ಕೊಡ ಹೊರುತ್ತಾಳೆ. ಬೇರೆ ಊರಿನಿಂದ ಬಂದವರು ಕಂಡರೆ ಕೆಂಪು ಬಳಿದ ಬೋರಿನ ನೀರನ್ನು ಮಕ್ಕಳಿಗೆ ಹಾಕುತ್ತೀಯಾ ಎಂದು ಅವಳನ್ನೇ ಬೈಯುತ್ತಾರೆ. ಅವಳು ಆ ಮೂರನೆಯ ಪುಟವನ್ನು ಮಡಚಿ ಕುಬಸದಲ್ಲಿ ಇಟ್ಟುಕೊಂಡಿದ್ದಾಳೆ. ತೆಗೆದು, ಬೆರಳು ಇಟ್ಟು, ಸಾಲು ತಪ್ಪದಂತೆ ಬಲಕ್ಕೆ ಎಳೆದು ತೋರಿಸುತ್ತಾಳಂತೆ.

ಹನ್ನೊಂದರ ಸುಮಾರಿಗೆ ನನ್ನ ಫೋನ್ ಬಡಿದುಕೊಳ್ಳುತ್ತದೆ. ಕಚೇರಿಯಲ್ಲಿ ಎಲ್ಲರಿಗೂ ಗೊತ್ತು, ಅದು ಅಕ್ಕನದೆಂದು.

"ಇನ್ನೂ ಬೆಂದಿಲ್ಲ ನೋಡವಾ ನಿನ್ನ ಬ್ಯಾಳಿ," ಎನ್ನುತ್ತಾಳೆ. ಹಿಂದೆ ಒಲೆಯ ಮೇಲೆ ಪಾತ್ರೆ ಕುದಿಯುವ ಸದ್ದು ಕೇಳುತ್ತಿರುತ್ತದೆ. ಹ್ಞೂಂ ಅಕ್ಕಾ ಎನ್ನುತ್ತೇನೆ. ಅವಳು ಫೋನ್ ಇಡುವವರೆಗೂ ಆ ಸದ್ದನ್ನು ಕೇಳುತ್ತ ಕೂರುತ್ತೇನೆ.